ಪ್ರೊಜೆಕ್ಷನ್: ಚಳಿಗೆ, ಒಣಹವೆಗೆ, ಮಳೆಗೆ

‘ಈ ಪರ್ಫ್ಯೂಮಿಗೆ ಹತ್ತು ಗಂಟೆ ಪ್ರೊಜೆಕ್ಷನ್ ಇದೆ.’ ಪರ್ಫ್ಯೂಮ್ ವಿಮರ್ಶೆಯ ವಿಡಿಯೊಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹತ್ತು ಗಂಟೆ ಇರುವುದು ಬಾಳಿಕೆ. ಪ್ರೊಜೆಕ್ಷನ್ನಿನ ಲೆಕ್ಕ ಗಂಟೆಯಲ್ಲಿಲ್ಲ, ದೂರದಲ್ಲಿದೆ. ಹಾಕಿಕೊಂಡವರು ನಿಂತಲ್ಲೇ ನಿಂತಿದ್ದಾಗ, ಈ ಹೊತ್ತಿನಲ್ಲಿ, ಘಮ ಮೈಯಿಂದ ಎಷ್ಟು ದೂರದವರೆಗೆ ಎದುರಿನವರ ಮೂಗಿಗೆ ಸಿಗುತ್ತಿದೆ ಅನ್ನುವುದೇ ಪ್ರೊಜೆಕ್ಷನ್. ಗೇಣು ದೂರವೋ, ತೋಳಿನಳತೆಯೋ, ಕೋಣೆಯ ಆ ಮೂಲೆಯೋ, ಹಾಗೆ ಹೇಳಬೇಕು. ಜತೆಗೆ ಬಳಸುವ ಇನ್ನೊಂದು ಪದ ‘ಸಿಯಾಜ್’. ಫ್ರೆಂಚಿನಲ್ಲಿ ಅದು ದೋಣಿ ಸಾಗಿದ ಮೇಲೆ ನೀರಿನ ಮೇಲೆ ಉಳಿಯುವ ಗೆರೆಯ ಹೆಸರು. ನೀವು ಲಿಫ್ಟಿನಿಂದ ಇಳಿದು ಹೋದ ಮೇಲೂ ಒಳಗೆ ನಿಂತಿರುವ ಪರಿಮಳ ಸಿಯಾಜ್. ಅದಕ್ಕೂ ಬಾಳಿಕೆಗೂ ಸಂಬಂಧ ಹಚ್ಚುವುದು ಬೇಡ.

ಇಷ್ಟೊಂದು ಜಗಳ ಯಾಕೆಂದರೆ, ಬಾಳಿಕೆ ಮತ್ತು ಪ್ರೊಜೆಕ್ಷನ್ ಎರಡೂ ಒಂದೇ ಗಂಟಿನಿಂದ ಖರ್ಚಾಗುವಂಥವು. ಒಂದು ಸ್ಪ್ರೇ ಒತ್ತಿದರೆ ಚರ್ಮದ ಮೇಲೆ ಬೀಳುವುದು ಸುಮಾರು 0.1 ಮಿ.ಲೀ. ಅದರಲ್ಲಿ ಹೆಚ್ಚಿನ ಪಾಲು ಆಲ್ಕೊಹಾಲು, ಕೆಲವು ನಿಮಿಷಗಳಲ್ಲೇ ಹಾರಿಹೋಗುತ್ತದೆ. ಉಳಿದ ಸುಗಂಧದ ಎಣ್ಣೆ ನಿಮಿಷಕ್ಕೆ ಎಷ್ಟು ಆವಿಯಾಗುತ್ತದೋ ಅಷ್ಟು ದೂರ ಘಮ ಮುಟ್ಟುತ್ತದೆ, ಅಷ್ಟೇ ಬೇಗ ತೀರುತ್ತದೆ. ದೀಪದ ಬತ್ತಿ ಮೇಲಕ್ಕೆ ಎಳೆದರೆ ಬೆಳಕು ಹೆಚ್ಚುತ್ತದೆ, ಎಣ್ಣೆಯೂ ಬೇಗ ಮುಗಿಯುತ್ತದಲ್ಲ, ಹಾಗೆ. ಬಾಟಲಿಯ ಮೇಲಿನ ಇಡಿಪಿ, ಅಂದರೆ ಓ ದ ಪರ್ಫಮ್, ಇಡಿಟಿಗಿಂತ, ಅಂದರೆ ಓ ದ ಟ್ವಾಲೆಟ್‌ಗಿಂತ ಜೋರು ಅನ್ನುವ ನಂಬಿಕೆಯೂ ಇಲ್ಲೇ ಎಡವುತ್ತದೆ. ಇಡಿಪಿಯಲ್ಲಿ ಎಣ್ಣೆಯ ಪಾಲು ಹೆಚ್ಚು ನಿಜ, ಆದರೆ ಬಹಳ ಸಲ ಆ ಹೆಚ್ಚುವರಿ ಪಾಲು ನಿಧಾನವಾಗಿ ಹಾರಿ ಕೊನೆಗೆ ಉಳಿಯುವ, ತಳದ ಭಾರದ ಸಾಮಗ್ರಿಯದು. ಅದೇ ಹೆಸರಿನ ಇಡಿಟಿಯಲ್ಲಿ ಬೇಗ ಹಾರುವ ನಿಂಬೆ ಜಾತಿಯ, ಹಸಿರು ವಾಸನೆಯ ಸಾಮಗ್ರಿ ಮುಂದಿದ್ದರೆ ಮೊದಲ ಅರ್ಧ ಗಂಟೆ ಅದೇ ಹೆಚ್ಚು ದೂರ ಮುಟ್ಟುತ್ತದೆ. ಕಾಸು ಹೆಚ್ಚು ಕೊಟ್ಟಿದ್ದೇವೆ ಅಂತ ಮೂಗು ಸುಳ್ಳು ಹೇಳುವುದಿಲ್ಲ.

ಆವಿಯಾಗುವ ವೇಗ ಅಂದಮೇಲೆ ಹೊರಗಿನ ಹವೆ ಲೆಕ್ಕಕ್ಕೆ ಬರಲೇಬೇಕು. ಹಾಗಾಗಿ ಬಾಟಲಿಗೆ ಇಷ್ಟು ಪ್ರೊಜೆಕ್ಷನ್ ಅಂತ ಒಂದೇ ಅಂಕಿ ಕೊಡುವ ವಿಮರ್ಶೆ, ಅದನ್ನು ಯಾವ ಊರಲ್ಲಿ, ಯಾವ ತಿಂಗಳಲ್ಲಿ ಹಾಕಿ ನೋಡಿದರು ಅಂತ ಹೇಳದಿದ್ದರೆ ಅರ್ಧ ಮಾತು. ಇಲ್ಲಿ ಒಂದೇ ಬಗೆಯ ಪರ್ಫ್ಯೂಮನ್ನು ಇಟ್ಟುಕೊಂಡು ನೋಡೋಣ: ಮೇಲೆ ನಿಂಬೆ ಜಾತಿಯ ಬರ್ಗಮಾಟ್, ನಡುವೆ ಲ್ಯಾವೆಂಡರ್, ತಳದಲ್ಲಿ ವೆನಿಲಾ ಮತ್ತು ಶ್ರೀಗಂಧ. ಗಂಡಸರ ಸಾಲಿನಲ್ಲಿ ಇಂಥವು ಹತ್ತಾರು ಸಿಗುತ್ತವೆ.

ಮೊದಲು ಚಳಿ. ಡಿಸೆಂಬರಿನ ಬೆಳಗಿನ ಜಾವದ ಬೆಂಗಳೂರು, 15 ಡಿಗ್ರಿ ಆಸುಪಾಸು. ಮುಚ್ಚಿದ ಮೈಯ ಚರ್ಮ ಸಾಮಾನ್ಯವಾಗಿ 32 ಡಿಗ್ರಿ ಹತ್ತಿರ ಇರುತ್ತದೆ, ಆದರೆ ತೆರೆದಿಟ್ಟ ಮಣಿಕಟ್ಟು ಸ್ಕೂಟರಿನ ಗಾಳಿಗೆ ಅದಕ್ಕಿಂತ ತುಂಬಾ ಕೆಳಕ್ಕೆ ಇಳಿಯುತ್ತದೆ. ಹತ್ತು ಡಿಗ್ರಿ ಇಳಿದರೆ ಹಗುರ ಸಾಮಗ್ರಿಯ ಆವಿಯೇ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಭಾರದ್ದಕ್ಕೆ ಪೆಟ್ಟು ಇನ್ನೂ ಜೋರು. ಬರ್ಗಮಾಟ್ ಮೊದಲೇ ಬೇಗ ಹಾರುವಂಥದ್ದು, ಅರ್ಧವಾದರೂ ಅದು ಮೂಗಿಗೆ ಸಿಗುತ್ತದೆ, ಅಷ್ಟೇ ಅಲ್ಲ, ಬೇಸಿಗೆಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಶ್ರೀಗಂಧದ ಸ್ಯಾಂಟಲಾಲ್ ಬೆಚ್ಚಗಿರುವಾಗಲೇ ನಿಧಾನಿ. ಚಳಿಯಲ್ಲಿ ಅದು ಮೈಗೆ ಅಂಟಿಕೊಂಡು ಕೂತುಬಿಡುತ್ತದೆ. ‘ಚಳಿಗೆ ನಿಂಬೆ ಜಾತಿ ಬೇಡ’ ಅನ್ನುವುದು ರೂಢಿಯ ಮಾತೇ ಹೊರತು ಹವೆಯ ಮಾತಲ್ಲ.

ಹಾಗಾದರೆ ಚಳಿಗೆ ವೆನಿಲಾ, ಅಂಬರ್, ದಾಲ್ಚಿನ್ನಿ, ಊದು ಯಾಕೆ ಹೇಳುತ್ತಾರೆ? ಭಾರದ್ದು ಚಳಿಯಲ್ಲಿ ‘ಹೆಚ್ಚು ಹರಡುತ್ತದೆ’ ಅನ್ನುವ ವಿವರಣೆ ತಲೆಕೆಳಗು. ಅವು ಕೂಡ ಕಡಿಮೆಯೇ ಹರಡುತ್ತವೆ. ಎರಡು ಕಾರಣಕ್ಕೆ ಹೊಂದುತ್ತವೆ. ವೆನಿಲಿನ್ ಗಾಳಿಯಲ್ಲಿ ತೀರ ಚೂರು ಇದ್ದರೂ ಮೂಗು ಹಿಡಿಯುತ್ತದೆ, ಆದ್ದರಿಂದ ಆವಿ ಕಡಿಮೆಯಾದರೂ ಪೂರ್ತಿ ಕಾಣೆಯಾಗುವುದಿಲ್ಲ. ಎರಡನೆಯದು, ಏಪ್ರಿಲಿನಲ್ಲಿ ಉಸಿರುಗಟ್ಟಿಸುವ ಸಿಹಿ ಇಲ್ಲಿ ತೋಳಿನಳತೆಯೊಳಗೆ ಇಳಿದು ಹಿತವಾಗುತ್ತದೆ. ಅತ್ತರು ಮಾರುವವರು ಹಿಂದಿನಿಂದಲೂ ಭಾರದ ಘಮದ ಶಮಾಮಾ, ಹಿನಾ ಅತ್ತರು ಚಳಿಗಾಲಕ್ಕೆ, ಲಾವಂಚ, ಗುಲಾಬಿ ಬೇಸಿಗೆಗೆ ಅಂತ ಎತ್ತಿಡುವುದರ ಹಿಂದೆಯೂ ಇದೇ ಲೆಕ್ಕವಿದೆ.

ಚಳಿಯಲ್ಲಿ ಆಗುವ ದೊಡ್ಡ ಎಡವಟ್ಟು ಬೇರೆ. ಬಾಗಿಲ ಬಳಿ ಎರಡು ಸ್ಪ್ರೇ ಹೊಡೆದಾಗ ಏನೂ ಬರಲಿಲ್ಲ ಅಂತ ಇನ್ನು ನಾಲ್ಕು ಹೊಡೆಯುವುದು. ಘಮ ಎಲ್ಲಿಗೂ ಹೋಗಿಲ್ಲ, ಜಾಕೆಟ್ಟಿನ ಕೆಳಗೆ ಕಾದು ಕೂತಿದೆ. ಟೊರಾಂಟೊದಲ್ಲೋ ಷಿಕಾಗೊದಲ್ಲೋ ಇರುವ ಕನ್ನಡಿಗರಿಗೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ: ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ ಹೀಟರಿನ 22 ಡಿಗ್ರಿ. ಕೋಟು ಬಿಚ್ಚಿದ ಹತ್ತು ನಿಮಿಷಕ್ಕೆ ಆರು ಸ್ಪ್ರೇಯೂ ಒಟ್ಟಿಗೆ ಎದ್ದು ಮೀಟಿಂಗ್ ಕೋಣೆ ತುಂಬುತ್ತದೆ. ಸ್ಪ್ರೇಯ ಸಂಖ್ಯೆಯನ್ನು ನೀವು ಹೆಚ್ಚು ಹೊತ್ತು ಕೂರುವ ಜಾಗದ ಹವೆಗೆ ತಕ್ಕಂತೆ ನಿಗದಿ ಮಾಡಿ, ಬಾಗಿಲ ಹೊರಗಿನ ಹವೆಗಲ್ಲ. ಮಣಿಕಟ್ಟು ಬಿಟ್ಟು ಎದೆಯ ಮೇಲ್ಭಾಗಕ್ಕೆ ಎರಡು, ಕುತ್ತಿಗೆಯ ಹಿಂದಕ್ಕೆ ಒಂದು ಸಾಕು. ಮೈಯ ಬಿಸಿಗಾಳಿ ಕಾಲರಿನಿಂದ ಮೇಲೇಳುವಾಗ ಘಮವನ್ನು ಹೊತ್ತು ತರುತ್ತದೆ.

ಒಣಹವೆಯನ್ನು ಬಿಸಿಲಿನ ಜತೆ ಸೇರಿಸಿ ಮಾತಾಡುವುದು ನಮ್ಮಲ್ಲಿ ಸಹಜ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಮುಟ್ಟಿದಾಗ ನಮ್ಮ ಬರ್ಗಮಾಟ್ ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ, ಲ್ಯಾವೆಂಡರ್ ಒಂದೇ ಏಟಿಗೆ ಕೋಣೆಯಾಚೆ ಹೋಗುತ್ತದೆ, ಆಮೇಲೆ ಉಳಿಯುವುದು ತಳದ ವೆನಿಲಾ, ಶ್ರೀಗಂಧ ಮಾತ್ರ. ಬಾಟಲಿ ಖೋಟಾ ಅಂತ ಅಂಗಡಿಯವನ ಮೇಲೆ ಹರಿಹಾಯುವವರಲ್ಲಿ ಅರ್ಧ ಜನರ ಕಥೆ ಇದು. ಆದರೆ ಹೀಟರ್ ಹಾಕಿದ ಕೋಣೆಯಲ್ಲಿ, ಎ.ಸಿ. ಆಫೀಸಿನಲ್ಲಿ ಬಿಸಿಲಿಲ್ಲದೆಯೂ ಒಣಹವೆ ಇರುತ್ತದೆ, ಅಲ್ಲಿ ಪರಿಣಾಮ ಬೇರೆ. ಗಾಳಿಯಲ್ಲಿ ತೇವವಿಲ್ಲದಿದ್ದರೆ ಚರ್ಮದ ಮೇಲ್ಪದರ ಒಣಗಿ ಬಿರಿಯುತ್ತದೆ, ಎಣ್ಣೆ ಹಿಡಿದಿಟ್ಟುಕೊಳ್ಳುವ ಜಿಡ್ಡು ಅಲ್ಲಿರುವುದಿಲ್ಲ. ಮೂಗಿನ ಒಳಪದರವೂ ಒಣಗುತ್ತದೆ, ವಾಸನೆ ಹಿಡಿಯುವ ಶಕ್ತಿಯೇ ಕುಗ್ಗುತ್ತದೆ. ಪರಿಮಳ ಇದ್ದರೂ ಇಲ್ಲ ಅನ್ನಿಸುವುದಕ್ಕೆ ಇದೂ ಕಾರಣ.

ಇದಕ್ಕೆ ಎಲ್ಲರೂ ಹೇಳುವ ಮದ್ದು, ಮೊದಲು ಲೋಷನ್ ಹಚ್ಚಿ ಅಂತ. ಸರಿಯಾದ ಮದ್ದೇ, ಆದರೆ ಯಾವ ಕಾಯಿಲೆಗೆ ಅನ್ನುವುದು ತಿಳಿದಿರಬೇಕು. ವಾಸನೆಯಿಲ್ಲದ ಲೋಷನ್ನನ್ನೋ ಬಟಾಣಿ ಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿಯನ್ನೋ ತೆಳುವಾಗಿ ಸವರಿ, ಎರಡು ಮೂರು ನಿಮಿಷ ಬಿಟ್ಟು, ಅದರ ಮೇಲೆ ಸ್ಪ್ರೇ ಮಾಡಿದರೆ ಸುಗಂಧದ ಎಣ್ಣೆ ಆ ಜಿಡ್ಡಿನಲ್ಲಿ ಕರಗಿ ನಿಧಾನವಾಗಿ ಹೊರಬರುತ್ತದೆ. ಅಂದರೆ ಬಾಳಿಕೆ ಹೆಚ್ಚುತ್ತದೆ, ಪ್ರೊಜೆಕ್ಷನ್ ಕಡಿಮೆಯಾಗುತ್ತದೆ. ‘ಪ್ರೊಜೆಕ್ಷನ್ ಬೂಸ್ಟ್ ಮಾಡಲು ವ್ಯಾಸಲೀನ್’ ಅಂತ ಶೀರ್ಷಿಕೆ ಹಾಕುವವರಿಗೆ ಇದನ್ನು ಯಾರಾದರೂ ಹೇಳಬೇಕು. ಒಣಹವೆಯಲ್ಲಿ ದೂರವೇ ಬೇಕಿದ್ದರೆ ದಾರಿ ಬೇರೆ: ಹಗುರವಾದ ಕೊಲೋನನ್ನು ಸಣ್ಣ ಅಟೊಮೈಸರಿನಲ್ಲಿ ಜೇಬಿನಲ್ಲಿಟ್ಟುಕೊಂಡು ಎರಡು ಗಂಟೆಗೊಮ್ಮೆ ಒಂದೇ ಸ್ಪ್ರೇ. ಕಿತ್ತಳೆ ಹೂವಿನ ನೆರೋಲಿ, ಲಾವಂಚ, ಮಲ್ಲಿಗೆಯ ತೆಳು ಛಾಯೆಯಿರುವಂಥವು ಇದಕ್ಕೆ ಹೇಳಿ ಮಾಡಿಸಿದವು. ದೂರ ಬೇಡ, ಸಂಜೆವರೆಗೆ ಇದ್ದರೆ ಸಾಕು ಅನ್ನುವವರಿಗೆ ಗಂಧದೆಣ್ಣೆಯ ತಳವಿರುವ ಲಾವಂಚದ ಅತ್ತರು, ಹತ್ತಿಯ ಚೂರಿಗೆ ಮುಟ್ಟಿಸಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವುದು.

ಮಳೆಗಾಲದ ಬಗ್ಗೆ ಹಬ್ಬಿರುವ ತಪ್ಪು ತಿಳಿವಳಿಕೆ ಇನ್ನೂ ಸೊಗಸು: ಗಾಳಿಯಲ್ಲಿ ನೀರಾವಿ ತುಂಬಿರುವುದರಿಂದ ಪರಿಮಳಕ್ಕೆ ಜಾಗವಿಲ್ಲವಂತೆ! ನೀರಾವಿ ತುಂಬಿದ್ದರೆ ನೀರು ಒಣಗುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಬೆವರು ಆರುವುದಿಲ್ಲ. ಸುಗಂಧದ ಎಣ್ಣೆಗೆ ಅದು ಅಡ್ಡಿಯಲ್ಲ, ಅದರ ಆವಿಯ ಲೆಕ್ಕ ಅದರದ್ದೇ. ಮಂಗಳೂರಿನ ಜುಲೈ ತೆಗೆದುಕೊಳ್ಳಿ, 26 ಡಿಗ್ರಿ, ತೇವಾಂಶ 90ರ ಆಸುಪಾಸು. ಚರ್ಮ ಮೆತ್ತಗಿದೆ, ಮೂಗು ಹಸಿಯಾಗಿ ಚುರುಕಾಗಿದೆ, ಕಿಟಕಿಗಳು ಮುಚ್ಚಿವೆ. ಒಳಾಂಗಣದಲ್ಲಿ ನಮ್ಮ ವೆನಿಲಾ ಇಡೀ ವರ್ಷದಲ್ಲೇ ಅತಿ ಜೋರಾಗಿ ಅನ್ನಿಸುವ ಕಾಲ ಇದು. ಹೊರಗೆ ಕಾಲಿಟ್ಟರೆ ಗಾಳಿ ಮಳೆ ಸೇರಿ ಅದೇ ಘಮವನ್ನು ಚದುರಿಸುತ್ತವೆ, ನೆನೆದ ತೋಳಿನಿಂದ ನೀರು ಅದನ್ನು ತೊಳೆದೂ ಹಾಕುತ್ತದೆ. ಒಂದೇ ದಿನ ‘ಏನೂ ಬರುತ್ತಿಲ್ಲ’ ಮತ್ತು ‘ತಲೆನೋವು ಬಂತು’ ಎರಡೂ ದೂರು ಕೇಳಿಬರುವುದು ಹೀಗೆ.

ಮಳೆಗಾಲಕ್ಕೆ ಸಿಹಿ ಬೇಡ ಅನ್ನುವುದಕ್ಕೆ ನನ್ನ ಮಟ್ಟಿಗೆ ಮುಖ್ಯ ಕಾರಣ ಬಟ್ಟೆ. ಸರಿಯಾಗಿ ಒಣಗದ ಅಂಗಿಯ ಮುಗ್ಗಲು ವಾಸನೆಯ ಮೇಲೆ ವೆನಿಲಾ ಬಿದ್ದರೆ ಎರಡೂ ಸೇರಿ ಹಳಸಿದ ಪಾಯಸ. ಮುಗ್ಗಲನ್ನು ಪರ್ಫ್ಯೂಮ್ ಮುಚ್ಚುವುದಿಲ್ಲ. ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿದ ಬಟ್ಟೆ ಹಾಕಿಕೊಂಡ ಮೇಲೆಯೇ ಸ್ಪ್ರೇ ಮಾಡಬೇಕು, ಅದೂ ಚರ್ಮಕ್ಕೆ. ಲಾವಂಚ, ದೇವದಾರು, ಚಹಾ ಎಲೆ, ಹಸಿ ಹುಲ್ಲಿನಂಥ ಒಣ, ಹಸಿರು ಶೈಲಿಗಳು ಈ ತೇವದಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತವೆ. ಉತ್ತರ ಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ಬೇಯಿಸಿ, ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಮಾಡುವ ಮಿಟ್ಟಿ ಅತ್ತರನ್ನು ಮಳೆಗಾಲಕ್ಕೆಂದೇ ಕೊಳ್ಳುವವರಿದ್ದಾರೆ. ಹೊರಗೆಲ್ಲ ಅದೇ ವಾಸನೆ ಇರುವಾಗ ಅದು ಕಳೆದುಹೋಗುತ್ತದೆ. ಅದಕ್ಕೆ ಒಣ ಮಾರ್ಚ್ ತಿಂಗಳೇ ಸರಿ.

ಇದೆಲ್ಲ ಪರೀಕ್ಷಿಸಲು ಸ್ವಂತ ಮೂಗನ್ನು ನಂಬಬೇಡಿ, ಅದು ಸ್ವಲ್ಪ ಹೊತ್ತಿಗೇ ಒಗ್ಗಿಹೋಗುತ್ತದೆ. ಒಳಮೊಣಕೈಗೆ ಎರಡು ಸ್ಪ್ರೇ ಹಾಕಿ, ಉಜ್ಜದೆ ಬಿಟ್ಟು, ಹಾಕಿದ್ದನ್ನು ನೋಡದ ಇನ್ನೊಬ್ಬರನ್ನು ಕಾಲು ಗಂಟೆಗೆ, ಒಂದು ಗಂಟೆಗೆ, ಮೂರು ಗಂಟೆಗೆ ಕರೆಯಿರಿ. ಫ್ಯಾನು ಆರಿಸಿ. ಅವರು ದೂರದಿಂದ ನಿಧಾನವಾಗಿ ಹತ್ತಿರ ಬಂದು ಘಮ ಸಿಕ್ಕಲ್ಲಿ ನಿಲ್ಲಲಿ, ನೆಲಕ್ಕೆ ಟೇಪು ಹಿಡಿದು ಅಳೆಯಿರಿ. ಪಕ್ಕದಲ್ಲಿ ಆ ಹೊತ್ತಿನ ತಾಪಮಾನ, ತೇವಾಂಶ ಎರಡನ್ನೂ ಬರೆದುಕೊಳ್ಳಿ. ಅದು ಪ್ರೊಜೆಕ್ಷನ್.