ತಾಲೀಮು ನೋಡಲು ಯಾವ ದಿನ ಬರುತ್ತೀರಿ?

ಹಾಸನದ ಹವ್ಯಾಸಿ ನಾಟಕ ತಂಡವೊಂದರ ಸಹನಿರ್ದೇಶಕನಾದ್ದರಿಂದ, ನಮ್ಮ ಹಿರಿಯ ನಿರ್ದೇಶಕರ ಹೆಸರಿಗೆ ಬರುವ ಪತ್ರಗಳನ್ನು ಮೊದಲು ಓದುವವನು ನಾನೇ. ಕಾಲೇಜಿನ ಕಿರುಪ್ರಬಂಧಕ್ಕಾಗಿ ತಾಲೀಮು ನೋಡಲು ಅನುಮತಿ ಕೋರುವ ಪತ್ರಗಳಲ್ಲಿ ಹೆಚ್ಚಿನವು ಅವರ ರಂಗಸೇವೆಯನ್ನು ಅರ್ಧ ಪುಟ ಹೊಗಳಿ, ‘ತಮಗೆ ಅನುಕೂಲವಾದ ದಿನ ಬರುತ್ತೇನೆ’ ಎಂದು ಮುಗಿಯುತ್ತವೆ. ವಿನಯದಿಂದ ಬರೆದ ಸಾಲೆಂಬುದು ತಿಳಿದಿದ್ದರೂ ಪ್ರತಿ ಸಲ ನನಗೆ ಬೇಸರವಾಗುತ್ತದೆ.

ತಾಲೀಮಿನ ಎಲ್ಲ ದಿನಗಳೂ ಒಂದೇ ತೆರನಾಗಿರುವುದಿಲ್ಲ. ಮೊದಲ ದಿನಗಳಲ್ಲಿ ಎಲ್ಲರೂ ಸುತ್ತ ಕುಳಿತು ನಾಟಕವನ್ನು ಓದುತ್ತಾರೆ. ಆಮೇಲೆ ಪುಸ್ತಕ ಹಿಡಿದೇ ಎದ್ದು ನಿಂತು ಚಲನೆಗಳನ್ನು ಕೂಡಿಸಿಕೊಳ್ಳುತ್ತಾರೆ. ಮಾತು ಬಾಯಿಪಾಠವಾದ ಮೇಲೆ ಇಡೀ ನಾಟಕ ಓಡುತ್ತದೆ. ಕೊನೆಗೆ ಬೆಳಕು, ಸಂಗೀತ, ರಂಗಪರಿಕರಗಳ ಕೆಲಸ. ಅನುಕೂಲದ ದಿನವನ್ನು ನಮಗೇ ಬಿಟ್ಟರೆ ನಾವು ಸಾಮಾನ್ಯವಾಗಿ ಮೂರನೆಯ ಹಂತಕ್ಕೆ ಕರೆಯುತ್ತೇವೆ, ಏಕೆಂದರೆ ಹೊರಗಿನವರ ಮುಂದೆ ತಡವರಿಸುವುದು ಯಾವ ನಟರಿಗೂ ಇಷ್ಟವಿಲ್ಲ.

ಬೇಲೂರಿನಿಂದ ಬರುತ್ತಿದ್ದ ಎಂ.ಎ. ವಿದ್ಯಾರ್ಥಿನಿಯೊಬ್ಬಳ ವಿಷಯ, ಅಚ್ಚಾದ ಸಂಭಾಷಣೆ ನಟರ ಬಾಯಲ್ಲಿ ಹೇಗೆ ಬದಲಾಗುತ್ತದೆ ಎಂಬುದಾಗಿತ್ತು. ‘ಬರುತ್ತೇನೆಂದು’ ಎಂಬ ಪುಸ್ತಕದ ಮಾತು ‘ಬತ್ತೀನಂತ’ ಆಗುವುದು ಓದಿನ ವೇಳೆಯಲ್ಲೋ ಚಲನೆ ಕೂಡಿಸುವಾಗಲೋ, ನಾಟಕ ಓಡುವಾಗಲ್ಲ. ಅಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ. ಅವಳನ್ನು ಕೂರಿಸಿಕೊಂಡು ಇದನ್ನು ವಿವರಿಸಿದ ಮೇಲೆ ಅವಳು ಬರೆದುಕೊಟ್ಟ ಪತ್ರದ ಮುಖ್ಯ ಭಾಗ ಹೀಗಿತ್ತು:

‘ಎರಡನೆಯ ದೃಶ್ಯದ ಸಂಭಾಷಣೆಯನ್ನು ಮಾತ್ರ ಗಮನಿಸಲು, ಓದಿನ ಹಂತದಲ್ಲಿ ಎರಡು ಸಂಜೆ, ಚಲನೆ ಕೂಡಿಸುವಾಗ ಎರಡು ಸಂಜೆ, ಮಾತು ಬಾಯಿಪಾಠವಾದ ಮೇಲೆ ಒಂದು ಸಂಜೆ ಬರಲು ಅನುಮತಿ ಕೋರುತ್ತೇನೆ. ಹಿಂದೆ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತೇನೆ, ಧ್ವನಿಮುದ್ರಣ ಮಾಡುವುದಿಲ್ಲ. ನಟರು ಒಪ್ಪದಿದ್ದರೆ ಆ ದಿನ ಬರುವುದಿಲ್ಲ. ಪ್ರಬಂಧದಲ್ಲಿ ಅವರ ಹೆಸರು ಬಳಸುವುದಿಲ್ಲ. ಬೇಲೂರಿನ ಬಸ್ಸಿಗಾಗಿ 8 ಗಂಟೆಗೆ ಹೊರಡಬೇಕಾಗುತ್ತದೆ.’

ಹೊಗಳಿಕೆಯ ಒಂದು ಪದವೂ ಇಲ್ಲದ ಈ ಪತ್ರದಲ್ಲಿ ನಮ್ಮ ತಂಡದ ಮೇಲಿನ ಗೌರವ ನನಗೆ ಸ್ಪಷ್ಟವಾಗಿ ಕಂಡಿತು. ನಟರ ಕುರಿತ ಸಾಲನ್ನು ವಿದ್ಯಾರ್ಥಿಗಳು ಮರೆಯುವುದೇ ಹೆಚ್ಚು. ಹಗಲೆಲ್ಲ ಕಚೇರಿಯಲ್ಲೋ ಅಂಗಡಿಯಲ್ಲೋ ದುಡಿದು ಸಂಜೆ ಬರುವವರ ತಪ್ಪುಗಳನ್ನು ಯಾರೋ ಬರೆದುಕೊಳ್ಳುತ್ತಿದ್ದಾರೆಂದರೆ, ಅದಕ್ಕೆ ನಿರ್ದೇಶಕರ ಒಪ್ಪಿಗೆಯೊಂದೇ ಸಾಲದು. ಎಲ್ಲ ತಂಡಗಳ ಕ್ರಮವೂ ನಮ್ಮಂತೆಯೇ ಇರುತ್ತದೆಂದು ನಾನು ಹೇಳಲಾರೆ. ಕೆಲವರು ಓದಿಗೆ ಕೂರುವ ಮೊದಲೇ ನಟರನ್ನು ಆಟಗಳಲ್ಲಿ ತೊಡಗಿಸುತ್ತಾರೆ. ಆದ್ದರಿಂದ ಪತ್ರ ಬರೆಯುವ ಮೊದಲು ತಂಡದ ಒಬ್ಬರಿಗೆ ಫೋನ್ ಮಾಡಿ, ಈಗ ತಾಲೀಮು ಯಾವ ಹಂತದಲ್ಲಿದೆ ಎಂದು ಕೇಳುವುದು ಒಳ್ಳೆಯದು.

ನಿರ್ದೇಶಕರು ಅವಳ ಪತ್ರದಲ್ಲಿ 8 ಗಂಟೆಯ ಸಾಲಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಆ ಐದು ಸಂಜೆಯೂ ಎರಡನೆಯ ದೃಶ್ಯವನ್ನೇ ಮೊದಲು ತೆಗೆದುಕೊಳ್ಳುವಂತೆ ನನಗೆ ಹೇಳಿದರು.