ಪಗಾರ, ವಯಸ್ಸು, ಕೈ: ಜಿನ್ನಿಂಗ್ ಮಿಲ್ಲಿನ ಒಂದು ಪರಿಹಾರದ ಲೆಕ್ಕ

ಅವನು ನನ್ನ ಆಫೀಸಿಗೆ ಬಂದಾಗ ಬಲಗೈ ಮಣಿಕಟ್ಟಿನಿಂದ ಕೆಳಗೆ ಇರಲಿಲ್ಲ. ಗದಗ ಕಡೆಯ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ರೋಲರಿಗೆ ಸಿಕ್ಕಿಕೊಂಡ ಅರಳೆ ತೆಗೆಯಲು ಹೋಗಿದ್ದ. ಮಷೀನು ಬಂದ್ ಮಾಡಿರಲಿಲ್ಲ. ದಿನ, 2022ರ ಜನವರಿ 18. ಜೊತೆಗೆ ಬಂದ ಹೆಂಡತಿ ಕೈಯಲ್ಲಿ ಒಂದು ಬಾಂಡ್ ಪೇಪರ್ ಇತ್ತು. ಮಾಲಕರು ಎರಡು ಲಕ್ಷ ಕೊಡುತ್ತಾರೆ, ಮುಂದೆ ಯಾವ ತಕರಾರೂ ಇಲ್ಲ ಎಂದು ಬರೆದಿತ್ತು. ಸಹಿಯೊಂದು ಬಾಕಿ.

"ಸಾಹೇಬ್ರ, ದವಾಖಾನಿ ಬಿಲ್ಲೂ ಅವರ ಕಟ್ಯಾರ್ರೀ. ಎರಡು ಲಕ್ಷ ಅಂದ್ರ ಕಡಿಮಿ ಅಲ್ಲ ಅಂತಾರ್ರೀ ಮಂದಿ," ಅಂದಳು.

ನಾನು ಸಹಿ ಮಾಡಬೇಡಿ ಅಂದೆ. ನೌಕರರ ಪರಿಹಾರ ಕಾಯ್ದೆ 1923ರ ಪ್ರಕಾರ, ಕಾಯ್ದೆ ಕೊಟ್ಟ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಕೆಲಸಗಾರ ಬರೆದುಕೊಟ್ಟರೂ ಆ ಮಾತು ನಡೆಯುವುದಿಲ್ಲ. ರಾಜಿ ಮಾಡಿಕೊಳ್ಳಬಹುದು. ಆದರೆ ಆ ಒಪ್ಪಂದವನ್ನು ಈ ಕಾಯ್ದೆಯ ಕೇಸುಗಳನ್ನು ತೀರ್ಮಾನಿಸುವ ಕಮಿಷನರ ಮುಂದೆ ಇಟ್ಟು ನೋಂದಣಿ ಮಾಡಿಸಬೇಕು. ಮೊತ್ತ ತೀರಾ ಕಡಿಮೆ ಅನಿಸಿದರೆ ಅವರು ನೋಂದಣಿಗೆ ಒಪ್ಪುವುದೂ ಇಲ್ಲ. ಆದರೂ ಸಹಿ ಆಗಿಬಿಟ್ಟರೆ ಅದನ್ನು ಬಿಡಿಸಿಕೊಳ್ಳಲು ಆರು ತಿಂಗಳು ಜಾಸ್ತಿ ಹಿಡಿಯುತ್ತದೆ. ಆದ್ದರಿಂದ ಸಹಿಗಿಂತ ಮೊದಲೇ ಬಂದದ್ದು ಒಳ್ಳೆಯದಾಯಿತು.

ನಾನು ಮೊದಲು ಕೇಳುವ ಪ್ರಶ್ನೆ ಇಎಸ್‌ಐ ಕಾರ್ಡು ಇದೆಯಾ ಅಂತ. ಇಎಸ್‌ಐನಲ್ಲಿ ವಿಮೆ ಆದವರಿಗೆ ಅಲ್ಲಿಂದಲೇ ಹಣ ಬರುತ್ತದೆ, ಈ ಕಾಯ್ದೆಯಲ್ಲಿ ಮಾಲಕರ ಮೇಲೆ ಅರ್ಜಿ ಹಾಕಲು ಬರುವುದಿಲ್ಲ. ಹುಬ್ಬಳ್ಳಿಯ ಎಷ್ಟೋ ಫ್ಯಾಕ್ಟರಿ ಕೆಲಸಗಾರರನ್ನು ನಾನು ಇದೇ ಕಾರಣಕ್ಕೆ ಇಎಸ್‌ಐ ಆಫೀಸಿಗೆ ಕಳಿಸಿದ್ದೇನೆ. ಆದರೆ ಹತ್ತಿ ಜಿನ್ನಿಂಗ್, ಪ್ರೆಸ್ಸಿಂಗ್, ಶೇಂಗಾ ಒಡೆಯುವುದು, ಇಂಥದ್ದಷ್ಟನ್ನೇ ಮಾಡುವ ಫ್ಯಾಕ್ಟರಿಗಳು ಇಎಸ್‌ಐ ಕಾಯ್ದೆಯಲ್ಲಿ ಹಂಗಾಮಿನ ಫ್ಯಾಕ್ಟರಿಗಳು. ಅವುಗಳಿಗೆ ಇಎಸ್‌ಐ ಅನ್ವಯಿಸುವುದಿಲ್ಲ. ನಮ್ಮ ಭಾಗದ ಜಿನ್ನಿನ ಕೆಲಸಗಾರರಿಗೆ ಪರಿಹಾರದ ಕಾಯ್ದೆ ಇಷ್ಟು ಮುಖ್ಯ ಆಗುವುದು ಅದಕ್ಕೇ.

ಇನ್ನು ಲೆಕ್ಕ. ಕೆಲಸ ಮಾಡುವ ಶಕ್ತಿ ಪೂರ್ತಿ, ಶಾಶ್ವತವಾಗಿ ಹೋದರೆ ತಿಂಗಳ ಪಗಾರದ ಶೇ 60 ತೆಗೆದುಕೊಂಡು ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಆ ಅಂಕಿ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿದೆ. 16 ವರ್ಷದವರೆಗೆ 228.54, ಆಮೇಲೆ ವರ್ಷ ವರ್ಷ ಇಳಿಯುತ್ತಾ 65 ತುಂಬಿದರೆ 99.37. ಶಕ್ತಿ ಸ್ವಲ್ಪ ಮಟ್ಟಿಗೆ ಹೋಗಿದ್ದರೆ, ಬಂದ ಮೊತ್ತದಲ್ಲಿ ಅಷ್ಟು ಶೇಕಡಾ ಸಿಗುತ್ತದೆ. ಅಂದರೆ ಇಡೀ ಕೇಸು ನಿಂತಿರುವುದು ಮೂರು ಅಂಕಿಗಳ ಮೇಲೆ: ಪಗಾರ ಎಷ್ಟು, ವಯಸ್ಸು ಎಷ್ಟು, ಹೋದ ಶಕ್ತಿ ಎಷ್ಟು. ಯಾರ ತಪ್ಪು ಅನ್ನುವುದು ಇಲ್ಲಿ ದೊಡ್ಡ ಪ್ರಶ್ನೆಯೇ ಅಲ್ಲ. ಮಷೀನು ಬಂದ್ ಮಾಡದೆ ಕೈ ಹಾಕಿದ್ದು ಅವನ ಅಜಾಗರೂಕತೆ ಎಂದು ಮಾಲಕರ ಕಡೆಯವರು ವಾದಿಸಿದರು. ಕುಡಿದು ಕೆಲಸ ಮಾಡಿದರೆ ಅಥವಾ ಸುರಕ್ಷತೆಯ ನಿಯಮವನ್ನು ಬೇಕಂತಲೇ ಮುರಿದರೆ ಬೇರೆ ಮಾತು. ಬರೀ ಅಜಾಗರೂಕತೆ ಪರಿಹಾರವನ್ನು ತಪ್ಪಿಸುವುದಿಲ್ಲ.

ಜಗಳ ನಡೆದದ್ದು ಪಗಾರದ ಮೇಲೆ. ಮಿಲ್ಲಿನ ರಿಜಿಸ್ಟರಿನಲ್ಲಿ ಅವನಿಗೆ ತಿಂಗಳಿಗೆ 9,000 ಎಂದು ಬರೆದಿತ್ತು. ಅವನು ಹೇಳಿದ್ದು ದಿನಕ್ಕೆ 600. ಮುಕಾದಮನ ಕೈಯಿಂದ ಶನಿವಾರ ಬಟವಡೆ, ಎಲ್ಲ ರೊಕ್ಕದಲ್ಲೇ, ಚೀಟಿಯಿಲ್ಲ. ಹಿಂಗೇನಾದರೂ ಬರೆದಿಟ್ಟಿದ್ದೀರಾ ಅಂತ ಕೇಳಿದೆ. ಹೆಂಡತಿ ಮರುದಿನ ಮಗಳ ಹಳೆಯ ನೋಟ್‌ಬುಕ್ ತಂದಳು. ಮುಂದಿನ ಹಾಳೆಗಳಲ್ಲಿ ಏಳರ ಮಗ್ಗಿ, ಹಿಂದಿನ ಎರಡು ಹಾಳೆಗಳಲ್ಲಿ ನೀಲಿ ಪೆನ್ನಿನಲ್ಲಿ ವಾರದ ತಾರೀಖು, ಅದರ ಮುಂದೆ 3600, 3600, ದೀಪಾವಳಿ ವಾರಕ್ಕೆ 1200. ಕೆಳಗೆ ಕಿರಾಣಿ ಅಂಗಡಿಗೆ ಕೊಟ್ಟದ್ದು, ಸಂಘದ ಕಂತು ಕಟ್ಟಿದ್ದು. ಪರಿಹಾರಕ್ಕೆ ಅಂತ ಬರೆದದ್ದಲ್ಲ, ಸಂಸಾರದ ಲೆಕ್ಕ. ಅದಕ್ಕೇ ಅದನ್ನು ನಂಬಲು ಸಾಧ್ಯವಾಯಿತು. ಜೊತೆಗೆ ಅದೇ ಪಾಳಿಯ ಇಬ್ಬರು ಬಂದು ತಮಗೂ 600 ಎಂದೇ ಸಾಕ್ಷಿ ಹೇಳಿದರು.

ದಿನಕ್ಕೆ 600 ಅಂದರೆ ತಿಂಗಳಿಗೆ 18,000 ಅಂತ ಸುಮ್ನೆ ಗುಣಿಸಲು ಬರುವುದಿಲ್ಲ. ಹಾಗೆ ಬರೆದ ಅರ್ಜಿಗಳು ಎದುರಿನವರ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತವೆ. ವರ್ಷಪೂರ್ತಿ ಒಂದೇ ಕಡೆ ದುಡಿದವರಿಗೆ ಹಿಂದಿನ ಹನ್ನೆರಡು ತಿಂಗಳ ಗಳಿಕೆಯ ಹನ್ನೆರಡನೇ ಒಂದು ಭಾಗ ತಿಂಗಳ ಪಗಾರ. ಹಂಗಾಮಿಗೆ ಬಂದವರಿಗೆ ಬೇರೆ ದಾರಿ ಇದೆ. ಅಪಘಾತಕ್ಕೆ ಮುಂಚಿನ ಎಡೆಬಿಡದ ಕೆಲಸದ ಅವಧಿ ಹಿಡಿದು, ಅದರಲ್ಲಿ ಬಂದ ಒಟ್ಟು ಹಣವನ್ನು ಆ ಅವಧಿಯ ದಿನಗಳಿಂದ ಭಾಗಿಸಿ 30ರಿಂದ ಗುಣಿಸಬೇಕು. ಹದಿನಾಲ್ಕು ದಿನಕ್ಕಿಂತ ಜಾಸ್ತಿ ಗೈರು ಇದ್ದರೆ ಮಾತ್ರ ಅವಧಿ ಮುರಿಯುತ್ತದೆ. ಇವನು ಅಕ್ಟೋಬರ್ 30ಕ್ಕೆ ಸೇರಿದ್ದ. ಅಪಘಾತದ ಹಿಂದಿನ ದಿನದವರೆಗೆ 80 ದಿನ. ಹನ್ನೆರಡು ಭಾನುವಾರ, ದೀಪಾವಳಿಗೆ ನಾಲ್ಕು ದಿನ ರಜೆ. ದುಡಿದದ್ದು 64 ದಿನ, ಬಂದದ್ದು 38,400 ರೂಪಾಯಿ. ದೀಪಾವಳಿಯ ನಾಲ್ಕು ದಿನದಿಂದ ಅವಧಿ ಮುರಿಯಲಿಲ್ಲ.

```
38,400 ÷ 80 × 30 = 14,400
```

ಪಗಾರಕ್ಕೆ ಮೇಲಿನ ಮಿತಿಯೂ ಇದೆ. 2020ರ ಜನವರಿ 3ರಿಂದ ಅದು 15,000. ಇಪ್ಪತ್ತೈದು ಸಾವಿರ ಪಗಾರ ಇದ್ದವನಿಗೂ ಲೆಕ್ಕ ಹಿಡಿಯುವುದು 15,000ಕ್ಕೇ. ಅದಕ್ಕೂ ಮೊದಲು ಮಿತಿ 8,000 ಇತ್ತು. ಈಗಲೂ ಕೆಲವರು ಹಳೆಯ 8,000 ಹಿಡಿದು ಲೆಕ್ಕ ಹಾಕಿಕೊಡುವುದನ್ನು ನೋಡಿದ್ದೇನೆ. ನಿಮ್ಮ ಲೆಕ್ಕದ ಹಾಳೆಯಲ್ಲಿ ಆ ಅಂಕಿ ಕಂಡರೆ ಅಲ್ಲೇ ತಡೆದು ಕೇಳಿ.

ಎರಡನೇ ಅಂಕಿ ವಯಸ್ಸು. ಅವನ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 01-01-1982. ನಮ್ಮ ಹಳ್ಳಿಗಳಲ್ಲಿ ಜನವರಿ ಒಂದಕ್ಕೆ ಹುಟ್ಟಿದವರು ಎಷ್ಟು ಮಂದಿ ಇದ್ದಾರೆ ನೋಡಿ. ಅಂದಾಜಿನ ಮೇಲೆ ಬರೆಸಿದ ತಾರೀಖು ಅದು. ಅದರ ಪ್ರಕಾರ ಅಪಘಾತದ ದಿನ ಅವನಿಗೆ 40 ತುಂಬಿತ್ತು, ಅಂಕಿ 184.17. ಅವನು ಏಳನೇ ಇಯತ್ತೆವರೆಗೆ ಕಲಿತ ಶಾಲೆಗೆ ಹೋಗಿ ಹೆಸರು ತೆಗೆದ ದಾಖಲೆ ತರಿಸಿದೆವು. ಅದರಲ್ಲಿ 5 ಜೂನ್ 1987. ಹಾಗಾದರೆ ತುಂಬಿದ್ದು 34, ಅಂಕಿ 199.40. ಕಾಯ್ದೆ ನೋಡುವುದು ತುಂಬಿದ ವರ್ಷವನ್ನು, ನಡೆಯುತ್ತಿರುವ ವರ್ಷವನ್ನಲ್ಲ. ನಮ್ಮ ಜನ ವಯಸ್ಸು ಕೇಳಿದರೆ "ಮೂವತ್ತೈದರಾಗ ಅದೇನ್ರೀ" ಅನ್ನುತ್ತಾರೆ. ಅರ್ಜಿಯಲ್ಲಿ ಹಾಗೇ 35 ಅಂತ ಬರೆದುಬಿಟ್ಟರೆ ಅಂಕಿ 197.06ಕ್ಕೆ ಇಳಿಯುತ್ತದೆ. ಶಾಲೆಯ ದಾಖಲೆಯನ್ನು ಕಮಿಷನರ್ ಒಪ್ಪಿದರು. ಆಮೇಲೆ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಒಂದು ವಾಹನ ಅಪಘಾತದ ಪ್ರಕರಣದಲ್ಲಿ, ವಯಸ್ಸಿಗೆ ಆಧಾರ್‌ಗಿಂತ ಶಾಲೆ ಬಿಟ್ಟ ಪ್ರಮಾಣಪತ್ರವನ್ನೇ ಹಿಡಿಯಿತು.

ಮೂರನೆಯದು ಶೇಕಡಾ. ಒಂದು ಕೈ ಹೋದರೆ ಮೊದಲನೇ ಅನುಸೂಚಿಯಲ್ಲೇ ಶೇ 60 ಎಂದು ಬರೆದಿದೆ, ಡಾಕ್ಟರ ಅಂದಾಜು ಬೇಕಿಲ್ಲ. ಹೆಬ್ಬೆರಳಿಗೆ 30, ಒಂದು ಕೈಯ ನಾಲ್ಕು ಬೆರಳಿಗೆ 50, ಹೀಗೆ ಪಟ್ಟಿ ಇದೆ. ಪಟ್ಟಿಯಲ್ಲಿಲ್ಲದ ಗಾಯಕ್ಕೆ, ಉದಾಹರಣೆಗೆ ತೊಡೆ ಮುರಿದು ಗಿಡ್ಡಾದ ಕಾಲಿಗೆ, ಡಾಕ್ಟರು ಅಳೆದು ಹೇಳಬೇಕು. ಅಲ್ಲಿ ಅಳೆಯಬೇಕಾದ್ದು ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದನ್ನು. ಕಾಲು ಎಷ್ಟು ಮಡಚುತ್ತದೆ ಅನ್ನುವುದಷ್ಟೇ ಸಾಲದು. ಹಮಾಲಿಗೂ ಅಂಗಡಿ ಗುಮಾಸ್ತನಿಗೂ ಅದೇ ಕಾಲು ಬೇರೆ ಬೇರೆ ನಷ್ಟ, ಅಲ್ವಾ?

ಇವನಿಗೆ ಶೇ 100 ಕೊಡಿ ಅಂತ ನಾನು ಕೇಳಿದ್ದೆ. 1975ರಲ್ಲಿ ಸುಪ್ರೀಂ ಕೋರ್ಟ್ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ, ಎಡತೋಳು ಕಳೆದುಕೊಂಡ ಬಡಿಗನದು ಪೂರ್ತಿ ಅಸಮರ್ಥತೆ ಎಂದಿತು. ಒಂದೇ ಕೈಯಲ್ಲಿ ಬಡಿಗತನ ಆಗುವುದಿಲ್ಲ ಅನ್ನುವುದು ಅದರ ಕಾರಣ. ಆದರೆ ನಮ್ಮವನು ಗಾಯ ಮಾಯ್ದ ಮೇಲೆ ಅದೇ ಮಿಲ್ಲಿನ ಗೇಟಿನಲ್ಲಿ ಐದು ತಿಂಗಳು ವಾಚ್‌ಮನ್ ಆಗಿದ್ದ. ಆ ಕೆಲಸ ಮೊದಲೂ ಮಾಡಬಲ್ಲವನಾಗಿದ್ದ, ಈಗಲೂ ಮಾಡಿದ್ದಾನೆ ಎಂದು ಕಮಿಷನರ್ ಶೇ 60ಕ್ಕೇ ನಿಂತರು. ನನಗೆ ಬೇಸರವಾಯಿತು. ಆದರೂ ಆ ತೀರ್ಮಾನ ತಪ್ಪು ಅನ್ನಲಾರೆ.

```
14,400 × 60% = 8,640
8,640 × 199.40 = 17,22,816
17,22,816 × 60% = 10,33,690
```

ಮಾಲಕರ ಕಡೆಯವರು ಕೊಟ್ಟಿದ್ದ ಲೆಕ್ಕವೂ ಇದೇ ಸೂತ್ರದ್ದೇ, ಇದೇ ಶೇ 60ರದ್ದೇ. ಪಗಾರ 9,000, ಅಂಕಿ 184.17. ಬಂದದ್ದು 5,96,711. ನೋಟ್‌ಬುಕ್ಕಿನ ಎರಡು ಹಾಳೆ ಮತ್ತು ಶಾಲೆಯ ಒಂದು ದಾಖಲೆಯಿಂದ ಆದ ವ್ಯತ್ಯಾಸ 4,36,979 ರೂಪಾಯಿ.

ಇದರ ಮೇಲೆ ವರ್ಷಕ್ಕೆ ಶೇ 12ರ ಸರಳ ಬಡ್ಡಿ. ಪರಿಹಾರ ಕೊಡಬೇಕಾಗುವುದು ಅಪಘಾತ ಆದ ದಿನವೇ, ಆದೇಶ ಬಂದ ದಿನವಲ್ಲ. ಬಡಗಿಯ ಅದೇ ತೀರ್ಪು ಇದನ್ನೂ ಹೇಳಿದೆ. ನಮ್ಮ ಕೇಸು 28 ತಿಂಗಳು ನಡೆಯಿತು, ಬಡ್ಡಿ 2,89,433 ಆಯಿತು. ಆಸ್ಪತ್ರೆಗೆ ಕಟ್ಟಿದ ಹಣವನ್ನು ಇದರಲ್ಲಿ ಮುರಿದುಕೊಳ್ಳಿ ಎಂದು ಮಾಲಕರು ಕೇಳಿದರು. ಅದಕ್ಕೆ ಅವಕಾಶವಿಲ್ಲ. ಕೆಲಸದಲ್ಲಿ ಆದ ಗಾಯಕ್ಕೆ ಚಿಕಿತ್ಸೆಯ ಖರ್ಚು ಮಾಲಕರದೇ, ಪರಿಹಾರ ಅದಕ್ಕೆ ಬೇರೆ. ಕೊನೆಗೆ ಹಣ ಕಟ್ಟಿದರು, 13 ಲಕ್ಷದ 23 ಸಾವಿರ ಚಿಲ್ಲರೆ.

ಇದೇ ಅಪಘಾತದಲ್ಲಿ ಅವನು ತೀರಿಹೋಗಿದ್ದರೆ ಶೇ 60ರ ಬದಲು ಶೇ 50. ಅಂದರೆ 7,200ನ್ನು 199.40ರಿಂದ ಗುಣಿಸಿ 14,35,680, ಜೊತೆಗೆ ಅಂತ್ಯಕ್ರಿಯೆಗೆ ಕನಿಷ್ಠ 5,000. ಸಾವಿನ ಪ್ರಕರಣದಲ್ಲಿ ಒಂದು ಮಾತು ಮನೆಯವರಿಗೂ ಮಾಲಕರಿಗೂ ಗೊತ್ತಿರಬೇಕು. ಆ ಹಣವನ್ನು ಮನೆಗೆ ತಂದು ಕೈಗೆ ಕೊಡುವಂತಿಲ್ಲ, ಕಮಿಷನರ ಹತ್ತಿರವೇ ಜಮಾ ಮಾಡಬೇಕು. ಮೂರು ತಿಂಗಳ ಪಗಾರದಷ್ಟು ಮುಂಗಡ ಮಾತ್ರ ಅವಲಂಬಿತರಿಗೆ ನೇರವಾಗಿ ಕೊಡಬಹುದು. ಅದಕ್ಕಿಂತ ಜಾಸ್ತಿ ಕೊಟ್ಟ ಮಾಲಕರು ಮತ್ತೆ ಕೊಡಬೇಕಾಗಿ ಬಂದದ್ದಿದೆ. ಮನೆಯಲ್ಲಿ ಹೆಂಡತಿಗೂ ಅತ್ತೆ ಮಾವನಿಗೂ ಪಾಲಿನ ಜಗಳ ಹತ್ತಿದ್ದೂ ಇದೆ. ಕಮಿಷನರ್ ಇದ್ದರೆ ಯಾರಿಗೆ ಎಷ್ಟು ಎಂದು ಅವರೇ ಹಂಚುತ್ತಾರೆ. ಮಕ್ಕಳ ಪಾಲನ್ನು ಠೇವಣಿ ಇಡಿಸುತ್ತಾರೆ.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ 2020 ಬಂದಿದೆ. ಶೇ 50, ಶೇ 60, ವಯಸ್ಸಿನ ಪಟ್ಟಿ, ಮೂರೂ ಅದರಲ್ಲಿ ಹಾಗೇ ಇವೆ. ಹಾಗಾಗಿ ಇವತ್ತು ಅಪಘಾತ ಆದವರ ಮನೆಯವರಿಗೂ ನಾನು ಹೇಳುವುದು ಇದನ್ನೇ. ಮೊದಲ ವಾರದಲ್ಲೇ ಬಟವಡೆಯ ಲೆಕ್ಕ ಎಲ್ಲಿದೆ ಹುಡುಕಿ. ಮುಕಾದಮನ ಫೋನಿನಲ್ಲಿ ಹಾಜರಿ ಬರೆದಿದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ಜೊತೆಗೆ ದುಡಿದವರು ಹಂಗಾಮು ಮುಗಿಸಿ ಊರಿಗೆ ಹೋಗುವ ಮೊದಲು ಅವರ ಹೆಸರು, ನಂಬರು ಬರೆದುಕೊಳ್ಳಿ.