ಒಳ್ಳೆಯ ಬಾಡಿಗೆದಾರರಿಗೆ ನವೀಕರಣ ಪತ್ರ: 108 ಸಿಗುವ ಕಡೆ 104 ಯಾಕೆ ಕೇಳಬೇಕು?

ನವೀಕರಣ ಪತ್ರ ಬರೆಯೋದು ಕಷ್ಟವಲ್ಲ, ಅರ್ಧ ಪುಟದ ಕೆಲಸ. ಅದರಲ್ಲಿ ಬರುವ ಬಾಡಿಗೆಯ ಅಂಕಿ ಎಲ್ಲಿಂದ ಬಂತು ಅನ್ನೋದೇ ತಲೆ ತಿನ್ನುವ ಭಾಗ. ಹಾಗಾಗಿ ಈ ಟಿಪ್ಪಣಿಯ ಮುಕ್ಕಾಲು ಪಾಲು ಅದಕ್ಕೇ ಹೋಗಿದೆ.

ಸಂದರ್ಭ ಇಷ್ಟು. ಬಾಡಿಗೆದಾರರು ಸರಿಯಾದ ದಿನಕ್ಕೆ ಹಣ ಕೊಡುತ್ತಾರೆ, ಮನೆ ಚೆನ್ನಾಗಿ ಇಟ್ಟುಕೊಂಡಿದ್ದಾರೆ. ಕರಾರು ಮುಗಿಯುತ್ತಾ ಬಂದಿದೆ. ಮಾಲೀಕರಿಗೆ ಬಾಡಿಗೆ ಸ್ವಲ್ಪ ಏರಿಸಬೇಕು, ಆದರೆ ಇವರನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಅದಕ್ಕೆ ಒಂದು ಕೊಡು-ಕೊಳ್ಳುವಿಕೆ: ಏರಿಕೆ ಕಡಿಮೆ, ವಾಸದ ಅವಧಿ ಜಾಸ್ತಿ.

ಲೆಕ್ಕ ಸುಲಭವಾಗಲಿ ಅಂತ ಈಗಿನ ತಿಂಗಳ ಬಾಡಿಗೆ 100 ಅಂತ ಇಟ್ಟುಕೊಳ್ಳೋಣ. ಅಂಥದೇ ಮನೆಗೆ ಹೊಸಬರು 108 ಕೊಡುತ್ತಾರೆ. ಈಗಿರುವವರಿಗೆ ನಾವು ಎರಡು ವರ್ಷಕ್ಕೆ 104 ಅನ್ನುತ್ತಿದ್ದೇವೆ. ಅಂದರೆ ತಿಂಗಳಿಗೆ 4 ಬಿಟ್ಟುಕೊಡುತ್ತಿದ್ದೇವೆ. ಯಾಕೆ ಬಿಡಬೇಕು?

ಯಾಕೆಂದರೆ ಇವರು ಹೋದರೆ ಮನೆ ಖಾಲಿ ಬೀಳುತ್ತದೆ. ಒಂದೇ ತಿಂಗಳು ಖಾಲಿ ಇತ್ತು ಅನ್ನಿ, 108 ಹೋಯಿತು. ಒಂದು ವರ್ಷದ ಲೆಕ್ಕ ಹಾಕಿದರೆ ಇದ್ದವರೇ ಉಳಿದಾಗ 104 × 12 = 1248. ಹೊಸಬರು ಬಂದರೆ 108 × 11 = 1188. ವ್ಯತ್ಯಾಸ 60. ಇಲ್ಲಿಯವರೆಗೆ ಎಲ್ಲರಿಗೂ ಅರ್ಥವಾಗುತ್ತದೆ.

ತೊಡಕು ಶುರುವಾಗೋದು ಎರಡು ವರ್ಷಕ್ಕೆ ಹೋದಾಗ. ಒಂದು ವರ್ಷಕ್ಕೆ 60 ಉಳಿದರೆ ಎರಡು ವರ್ಷಕ್ಕೆ 120 ಉಳಿಯಬೇಕು ಅಲ್ವಾ? ಇಲ್ಲ. 104 × 24 = 2496. ಹೊಸಬರಿಂದ 108 × 23 = 2484. ವ್ಯತ್ಯಾಸ ಬರೀ 12! ಅವಧಿ ಹೆಚ್ಚಾದಷ್ಟೂ ಲಾಭ ಕರಗುತ್ತಿದೆ. ಹಾಗಾದರೆ ಹೆಚ್ಚು ದಿನ ಇರಿ ಅಂತ ಕೇಳೋದೇ ತಪ್ಪಾ?

ಉತ್ತರ ಇಲ್ಲಿದೆ. ಮನೆ ಖಾಲಿ ಬೀಳುವ ನಷ್ಟ ಒಂದೇ ಸಲದ್ದು. ಬಿಟ್ಟುಕೊಡುವ 4 ಮಾತ್ರ ಪ್ರತಿ ತಿಂಗಳೂ ಹೋಗುತ್ತಲೇ ಇರುತ್ತದೆ. ಎರಡನ್ನೂ ಒಟ್ಟು ಮೊತ್ತವಾಗಿ ಬೇರೆ ಬೇರೆ ಬರೆದುಕೊಂಡರೆ ಗೊಂದಲ ತೀರುತ್ತದೆ. ಒಂದು ಕಡೆ ಖಾಲಿ ತಿಂಗಳ ನಷ್ಟ 108. ಇನ್ನೊಂದು ಕಡೆ 4 × ತಿಂಗಳುಗಳು. 24 ತಿಂಗಳಿಗೆ 96, ಇನ್ನೂ ಗೆದ್ದಿದ್ದೇವೆ. 27 ತಿಂಗಳಿಗೆ 108, ಸರಿಸಮ. ಅದರಿಂದಾಚೆಗೆ ನಾವೇ ಕೈಯಿಂದ ಕೊಡುತ್ತಿದ್ದೇವೆ. ಇದೇ ನನ್ನ ಮೆಚ್ಚಿನ ಸುಲಭ ದಾರಿ: ಒಬ್ಬರು ಹೋಗಿ ಇನ್ನೊಬ್ಬರು ಬರುವಷ್ಟರಲ್ಲಿ ಆಗುವ ಒಟ್ಟು ಖರ್ಚನ್ನು ತಿಂಗಳ ರಿಯಾಯಿತಿಯಿಂದ ಭಾಗಿಸಿ. ಬಂದ ಸಂಖ್ಯೆಯಷ್ಟು ತಿಂಗಳು ಆ ಬಾಡಿಗೆಯನ್ನು ಧೈರ್ಯವಾಗಿ ಕೊಡಬಹುದು.

ಒಟ್ಟು ಖರ್ಚಿನಲ್ಲಿ ಖಾಲಿ ತಿಂಗಳು ಮಾತ್ರ ಸೇರಿಸಿದರೆ ಸಾಲದು. ಬಣ್ಣ, ಸಣ್ಣಪುಟ್ಟ ರಿಪೇರಿ, ಏಜೆಂಟರ ಕಮಿಷನ್ ಸೇರಿ ಅರ್ಧ ತಿಂಗಳ ಬಾಡಿಗೆಯಷ್ಟಾದರೆ ಇನ್ನೊಂದು 54. ಒಟ್ಟು 162. ಅದನ್ನು 4ರಿಂದ ಭಾಗಿಸಿದರೆ 40 ತಿಂಗಳು ದಾಟುತ್ತದೆ. ಹೊಸಬರು ಒಂದೇ ವರ್ಷಕ್ಕೆ ಹೊರಟುಬಿಟ್ಟರೆ ಈ ಖರ್ಚು ಎರಡು ಸಲ ಬೀಳುತ್ತದೆ. ಉದ್ದ ಅವಧಿಯ ನಿಜವಾದ ಬೆಲೆ ಇರೋದು ಆ ಎರಡನೇ ಸಲವನ್ನು ತಪ್ಪಿಸೋದರಲ್ಲಿ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. 108 ಅನ್ನೋದು ಎರಡು ವರ್ಷ ಹಾಗೇ ನಿಂತಿರುತ್ತದೆ ಅಂತ ಅಂದುಕೊಂಡಿದ್ದೇವೆ. ಎರಡನೇ ವರ್ಷ ಸುತ್ತಮುತ್ತಲಿನ ಬಾಡಿಗೆ 112 ಆಗಿ, ನಾವು 104ರಲ್ಲೇ ಕೂತಿದ್ದರೆ ರಿಯಾಯಿತಿ 4 ಅಲ್ಲ, 8. ಆಗ ಎರಡು ವರ್ಷಕ್ಕೆ ಬಿಟ್ಟಿದ್ದು 48 + 96 = 144. 162ಕ್ಕಿಂತ ಕಡಿಮೆಯೇ, ಆದರೆ ಅಂಚಿಗೆ ಬಂದಿದೆ. ಅದಕ್ಕೇ ಮೂರು ವರ್ಷಕ್ಕೆ ಹೋಗುವವರು ಒಂದೇ ಬಾಡಿಗೆ ಇಡದೆ ಮೂರನೇ ವರ್ಷಕ್ಕೆ 107 ಅಂತ ಮೆಟ್ಟಿಲು ಹಾಕುತ್ತಾರೆ.

ಮೆಟ್ಟಿಲು ಹಾಕುವಾಗ ಪತ್ರದಲ್ಲಿ ಶೇಕಡಾ ಬರೆಯಬೇಡಿ, ಮೊತ್ತ ಬರೆಯಿರಿ. ‘ಆಮೇಲೆ 3% ಏರಿಕೆ’ ಅಂದರೆ ಯಾವುದರ ಮೇಲೆ? ಹಳೆಯ 100ರ ಮೇಲಾದರೆ 104 + 3 = 107, ಹೊಸ 104ರ ಮೇಲಾದರೆ 107.12. ಅಂತರ ಚಿಕ್ಕದು, ಜಗಳ ಚಿಕ್ಕದಾಗಿರುವುದಿಲ್ಲ.

ಈಗ ಪತ್ರ. ಬಾಡಿಗೆದಾರರಿಗೆ ಎರಡು ಆಯ್ಕೆ ಕೊಟ್ಟರೆ ಒಳ್ಳೆಯದು. ಒಂದೇ ಅಂಕಿ ಕಂಡರೆ ಅವರು ಅದನ್ನು ಹಳೆಯ 100ರ ಜೊತೆ ಹೋಲಿಸುತ್ತಾರೆ. ಪಕ್ಕದಲ್ಲಿ ಒಂದು ವರ್ಷದ 106 ಇದ್ದರೆ ಎರಡು ವರ್ಷದ 104ರಲ್ಲಿ ತಮಗೇನು ಸಿಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ.

“ನಮಸ್ಕಾರ. ನಿಮ್ಮ ಈಗಿನ ಕರಾರು ಇಂಥ ತಾರೀಖಿಗೆ ಮುಗಿಯುತ್ತದೆ. ನೀವು ಪ್ರತಿ ತಿಂಗಳೂ ಸಮಯಕ್ಕೆ ಬಾಡಿಗೆ ಕೊಟ್ಟಿದ್ದೀರಿ, ಅಡುಗೆಮನೆಯ ನಲ್ಲಿ ಸೋರಿದಾಗ ಅದೇ ದಿನ ತಿಳಿಸಿದ್ದೀರಿ. ನೀವು ಇಲ್ಲೇ ಮುಂದುವರಿದರೆ ನಮಗೆ ಸಂತೋಷ. ಎರಡು ವರ್ಷಕ್ಕೆ ಒಪ್ಪಿದರೆ ತಿಂಗಳ ಬಾಡಿಗೆ 104, ಆ ಅವಧಿಯಲ್ಲಿ ಮತ್ತೆ ಏರಿಸುವುದಿಲ್ಲ. ಒಂದು ವರ್ಷ ಸಾಕು ಅನ್ನಿಸಿದರೆ 106. ಡೆಪಾಸಿಟ್ ಮತ್ತು ಉಳಿದ ಷರತ್ತುಗಳು ಈಗಿನಂತೆಯೇ. ದಯವಿಟ್ಟು ಇಂಥ ತಾರೀಖಿನೊಳಗೆ ನಿಮ್ಮ ಆಯ್ಕೆ ಬರೆದು ತಿಳಿಸಿ. ಇಬ್ಬರೂ ಹೊಸ ಕರಾರಿಗೆ ಸಹಿ ಹಾಕಿದ ಮೇಲೆ ಇದು ಜಾರಿಗೆ ಬರುತ್ತದೆ.”

ಹೊಗಳಿಕೆ ಒಂದೇ ವಾಕ್ಯದಲ್ಲಿ ಮುಗಿದಿದೆ, ಅದೂ ನಿಜವಾಗಿ ನಡೆದ ವಿಷಯ. ‘ನೀವು ಅತ್ಯುತ್ತಮ ಬಾಡಿಗೆದಾರರು’ ಅಂತ ಸುಮ್ನೆ ಬರೆದರೆ ಮುಂದೆ ಏರಿಕೆ ಬರುತ್ತಿದೆ ಅಂತ ಓದುವವರಿಗೆ ಮೊದಲೇ ಗೊತ್ತಾಗುತ್ತದೆ. ‘ಹೊರಗೆ 108 ಇದೆ’ ಅನ್ನೋದನ್ನೂ ಹಾಕಿಲ್ಲ. ನನ್ನ ಮಟ್ಟಿಗೆ ಅದು ಬೆದರಿಕೆಯ ಹಾಗೆ ಕೇಳುತ್ತದೆ. ಅವರು ಕೇಳಿದರೆ ಹೇಳಬಹುದು.

ಸಮಯದ ಬಗ್ಗೆ ಒಂದು ಮಾತು. ಉತ್ತರ ಕೊಡಬೇಕಾದ ತಾರೀಖು ಕರಾರಿನ ನೋಟಿಸ್ ಅವಧಿ ಶುರುವಾಗುವ ಮೊದಲೇ ಬರಬೇಕು. ನೋಟಿಸ್ ಎರಡು ತಿಂಗಳಾದರೆ ಪತ್ರ ಮೂರು ತಿಂಗಳ ಮೊದಲು ಹೋಗಲಿ. ಬಾಡಿಗೆ ಎಷ್ಟು ಏರಿಸಬಹುದು, ಎಷ್ಟು ದಿನ ಮೊದಲು ತಿಳಿಸಬೇಕು, ಎಷ್ಟು ಉದ್ದದ ಕರಾರನ್ನು ನೋಂದಾಯಿಸಬೇಕು ಅನ್ನೋದು ಊರಿಂದೂರಿಗೆ ಬೇರೆ. ಅದನ್ನು ನೋಡಿಕೊಂಡೇ ಅಂಕಿ ಹಾಕಿ.

ಮಧ್ಯದಲ್ಲೇ ಬಿಟ್ಟು ಹೋದರೆ? ದಂಡ ಅಂತ ದೊಡ್ಡ ಮೊತ್ತ ಹಾಕಿದರೆ ಒಳ್ಳೆಯವರು ಹೆದರಿ ಒಂದು ವರ್ಷವನ್ನೇ ಆರಿಸುತ್ತಾರೆ. ಎರಡು ಆಯ್ಕೆಗಳ ನಡುವಿನ ಅಂತರವನ್ನು ಹಿಂದಿರುಗಿಸಲು ಕೇಳೋದು ನ್ಯಾಯವಾಗಿ ಕಾಣುತ್ತದೆ. 14ನೇ ತಿಂಗಳಿಗೆ ಹೊರಟರೆ 2 × 14 = 28, ಅಂದರೆ ಸುಮಾರು ಕಾಲು ತಿಂಗಳ ಬಾಡಿಗೆ. ಇದನ್ನು ಪತ್ರದಲ್ಲಲ್ಲ, ಕರಾರಿನಲ್ಲಿ ಬರೆಯಬೇಕು. ಮಾತಿನಲ್ಲಿ ಮಾತ್ರ ಮೊದಲೇ ತಿಳಿಸಿರಬೇಕು.

ಅವರು ಚೌಕಾಸಿಗೆ ಇಳಿದು ‘ಎರಡು ವರ್ಷ ಇರ್ತೀವಿ, 102 ಮಾಡಿ’ ಅಂದರೆ ಅದೇ ಭಾಗಾಕಾರ ಸಾಕು. ರಿಯಾಯಿತಿ ಈಗ 6. 162 ÷ 6 = 27 ತಿಂಗಳು. ಕೇಳುತ್ತಿರೋದು 24, ಹಾಗಾಗಿ ಹೊರಗಿನ ಬಾಡಿಗೆ 108ರಲ್ಲೇ ನಿಲ್ಲುವುದಾದರೆ ಒಪ್ಪಬಹುದು. ಮೂರು ವರ್ಷಕ್ಕೆ ಅದೇ 102 ಕೇಳಿದರೆ ಮಾತ್ರ ಮೂರನೇ ವರ್ಷಕ್ಕೆ ಮೆಟ್ಟಿಲು ಬೇಕೇ ಬೇಕು.